ಒಂದೊಂದು ಟ್ರೇಡಿಗೆ 1% ಅಷ್ಟೇ, ಆದರೂ ಮೂರು ದಿನದಲ್ಲಿ 61 ಸಾವಿರ: ಒಟ್ಟು ಹೀಟಿಗೆ ಮಿತಿ ಹಾಕುವುದು ಹೇಗೆ?

"ಸರ್, ನಮ್ಮೂರು ಮದ್ದೂರು ಹತ್ರ. 8 ಲಕ್ಷ ಇಟ್ಕೊಂಡು ಸ್ವಿಂಗ್ ಟ್ರೇಡಿಂಗ್ ಮಾಡ್ತೀನಿ. ಒಂದು ಟ್ರೇಡಿಗೆ 1% ಗಿಂತ ಜಾಸ್ತಿ ರಿಸ್ಕ್ ಯಾವತ್ತೂ ತಗೊಂಡಿಲ್ಲ. ಹೋದ ತಿಂಗಳು ಒಂಬತ್ತು ಪೊಸಿಷನ್ ಇತ್ತು, ಮೂರೇ ದಿನದಲ್ಲಿ ಏಳು ಸ್ಟಾಪ್‌ಲಾಸ್ ಹೊಡೆದು 61 ಸಾವಿರ ಹೋಯ್ತು. ಪೋರ್ಟ್‌ಫೋಲಿಯೋ ಹೀಟ್‌ಗೆ ಲಿಮಿಟ್ ಇಟ್ಕೋಬೇಕು ಅಂತಾರೆ. ಎಷ್ಟು ಇಟ್ಕೊಳ್ಳಲಿ? ಲಿಮಿಟ್ ಹತ್ರ ಬಂದಾಗ ಯಾವುದನ್ನ ಮಾರೋದು?"

ನಿಮ್ಮ 1% ಲೆಕ್ಕದಲ್ಲಿ ತಪ್ಪಿಲ್ಲ. ಒಂಬತ್ತನ್ನೂ ಕೂಡಿಸಿ ನೋಡಲಿಲ್ಲ, ಅಷ್ಟೇ. ಒಂದೊಂದಕ್ಕೆ 8,000 ಅಂದರೆ ಒಂಬತ್ತಕ್ಕೆ 72,000, ಅಂದರೆ ನಿಮ್ಮ ದುಡ್ಡಿನ 9% ಯಾವ ದಿನ ಬೇಕಾದರೂ ಹೋಗಬಹುದಾದ ಜಾಗದಲ್ಲಿ ಕೂತಿತ್ತು. ಅದರಲ್ಲಿ ಏಳು ಹೋಯಿತು, 56,000. ಉಳಿದ 5,000 ಸ್ಟಾಪ್, ಅಂದರೆ ಇಷ್ಟಕ್ಕೆ ಇಳಿದರೆ ಮಾರಿಬಿಡಬೇಕು ಅಂತ ಮೊದಲೇ ಹಾಕಿಟ್ಟ ಬೆಲೆ, ಅದನ್ನು ದಾಟಿ ಕೆಳಗೆ ಜಾರಿ ಹೋದದ್ದು. ಅದರ ಮಾತು ಆಮೇಲೆ.

ಹೀಟ್ ಅಂದರೆ ಇಷ್ಟೇ. ನಾಳೆ ಬೆಳಿಗ್ಗೆ ನಿಮ್ಮ ಎಲ್ಲಾ ಸ್ಟಾಪ್‌ಗಳೂ ಒಟ್ಟಿಗೆ ಹೊಡೆದರೆ, ಇವತ್ತು ಸಂಜೆ ಕಾಣುತ್ತಿರುವ ಒಟ್ಟು ದುಡ್ಡಿನಲ್ಲಿ ಎಷ್ಟು ಕಮ್ಮಿ ಆಗುತ್ತದೆ? ಆ ಮೊತ್ತವೇ ಹೀಟ್. ಪ್ರತಿ ಷೇರಿಗೂ ಇವತ್ತಿನ ಬೆಲೆಯಿಂದ ಸ್ಟಾಪ್ ಕಳೆದು, ಎಷ್ಟು ಷೇರು ಇದೆಯೋ ಅದರಿಂದ ಗುಣಿಸಿ, ಎಲ್ಲಾ ಕೂಡಿಸಿ, ಒಟ್ಟು ದುಡ್ಡಿನಿಂದ ಭಾಗಿಸುವುದು. ಒಟ್ಟು ದುಡ್ಡು ಅಂದರೆ ಖಾತೆಯಲ್ಲಿ ಉಳಿದಿರುವ ನಗದು ಮತ್ತು ಷೇರುಗಳ ಇವತ್ತಿನ ಬೆಲೆ ಎರಡೂ ಸೇರಿ.

"ಇವತ್ತಿನ ಬೆಲೆ" ಅಂದದ್ದನ್ನು ಗಮನಿಸಿ. ಬಹಳ ಜನ ಕೊಂಡ ಬೆಲೆಯಿಂದ ಲೆಕ್ಕ ಹಾಕುತ್ತಾರೆ. 400ಕ್ಕೆ ಕೊಂಡೆ, ಸ್ಟಾಪ್ 380, 400 ಷೇರು, ರಿಸ್ಕ್ 8,000 ಅಂತ ಒಂದು ಸಲ ಬರೆದಿಟ್ಟರೆ ಮುಗಿಯಿತು. ಆಮೇಲೆ ಷೇರು 460ಕ್ಕೆ ಏರುತ್ತದೆ. ಸ್ಟಾಪ್ ಇನ್ನೂ 380ರಲ್ಲೇ ಇದೆ. ಪುಸ್ತಕದಲ್ಲಿ ರಿಸ್ಕ್ ಇನ್ನೂ 8,000 ಅಂತಲೇ ಇದೆ. ಆದರೆ ಅದು ವಾಪಸ್ 380ಕ್ಕೆ ಬಂದರೆ ನಿಮ್ಮ ಖಾತೆಯಿಂದ ಇಳಿಯುವುದು 32,000. ಲಾಭದ ದುಡ್ಡು ತಾನೇ, ಹೋದರೆ ಹೋಗಲಿ ಅಂತ ಅನ್ನಿಸಬಹುದು. ಆದರೆ ಮುಂದಿನ ಟ್ರೇಡಿನ 1% ಎಷ್ಟು ಅಂತ ನೋಡುವಾಗ ನೀವು ಅದೇ ಲಾಭವನ್ನೂ ಸೇರಿಸಿಯೇ ಲೆಕ್ಕ ಹಾಕುತ್ತೀರಿ, ಅಲ್ವಾ? ಒಂದು ಕಡೆ ನಮ್ಮ ದುಡ್ಡು, ಇನ್ನೊಂದು ಕಡೆ ಯಾರದೋ ದುಡ್ಡು ಅಂದರೆ ಲೆಕ್ಕ ಕೂಡುವುದಿಲ್ಲ. ಕೊಂಡ ಬೆಲೆಯಿಂದ ಹೀಟ್ ನೋಡುವುದಾದರೆ ಒಟ್ಟು ದುಡ್ಡನ್ನೂ ಕೊಂಡ ಬೆಲೆಯಲ್ಲೇ ಇಡಿ, ಅದು ಒಪ್ಪತಕ್ಕ ಪದ್ಧತಿಯೇ. ಎರಡನ್ನೂ ಬೆರೆಸಬೇಡಿ. ನಾನು ಇವತ್ತಿನ ಬೆಲೆಗೇ ಅಂಟಿಕೊಂಡಿದ್ದೇನೆ. ಅದಕ್ಕೆ ಒಂದು ಕಾರಣ ಇದೆ.

2024ರ ಜೂನ್ 1, ಶನಿವಾರ ಸಂಜೆ, ಚುನಾವಣೆಯ ಎಕ್ಸಿಟ್ ಪೋಲ್ ಬಂತು. ನನ್ನ ಹತ್ತಿರ ಆಗ ಎರಡು ಸರ್ಕಾರಿ ಬ್ಯಾಂಕು, ಒಂದು ರೈಲ್ವೆ ಸಂಬಂಧದ ಕಂಪನಿ, ಒಂದು ವಿದ್ಯುತ್ ಕಂಪನಿ, ಹೀಗೆ ಎಲ್ಲವೂ ಸರ್ಕಾರದ ಕಡೆಯವೇ. ಖಾತೆ 12 ಲಕ್ಷದ ಆಸುಪಾಸು. ಶುಕ್ರವಾರ ಹೀಟ್ 62,000 ಇತ್ತು, 5 ಚಿಲ್ಲರೆ ಪರ್ಸೆಂಟ್. ಸೋಮವಾರ ನಿಫ್ಟಿ 3% ಮೇಲೆ ಹಾರಿತು, ನನ್ನವು ಇನ್ನೂ ಜಾಸ್ತಿ ಹಾರಿದವು. ಅವತ್ತು ನಾನು ಒಂದೇ ಒಂದು ಷೇರು ಕೊಳ್ಳಲಿಲ್ಲ. ಸಂಜೆ ಮನೆಗೆ ಮೈಸೂರು ಪಾಕ್ ತಂದೆ, ಅಷ್ಟೇ ಖರೀದಿ. ಸ್ಟಾಪ್‌ಗಳು ಮಾತ್ರ ಹೋದ ವಾರ ಹಾಕಿದ ಜಾಗದಲ್ಲೇ ಇದ್ದವು. ಆ ರಾತ್ರಿ ಲೆಕ್ಕ ಹಾಕಿದ್ದರೆ ಹೀಟ್ 1,12,000, ಹೆಚ್ಚುಕಮ್ಮಿ 9% ಅಂತ ಕಾಣುತ್ತಿತ್ತು. ಹಾಕಲಿಲ್ಲ, ಯಾಕೆಂದರೆ ನನ್ನ ಪುಸ್ತಕದಲ್ಲಿ ಕೊಂಡ ಬೆಲೆಯ ಲೆಕ್ಕ ಇತ್ತು, ಅದರಲ್ಲಿ ಎಲ್ಲಾ ಚೆನ್ನಾಗಿಯೇ ಇತ್ತು. ಮಂಗಳವಾರ ಮತ ಎಣಿಕೆ. ನಿಫ್ಟಿ 5.9% ಬಿತ್ತು, ಸರ್ಕಾರಿ ಬ್ಯಾಂಕುಗಳ ಸೂಚ್ಯಂಕ 15% ಹತ್ತಿರ ಬಿತ್ತು. ನನಗೆ ಹೋದದ್ದು 1,30,000. ಮೈಸೂರು ಪಾಕ್ ಡಬ್ಬ ಬುಧವಾರದವರೆಗೂ ಹಾಗೇ ಇತ್ತು.

ಅಂದರೆ ನೀವು ಏನೂ ಮಾಡದೆ ಸುಮ್ನೆ ಕೂತಿದ್ದರೂ ಹೀಟ್ ಏರುತ್ತದೆ. ಷೇರು ಏರಿ ಸ್ಟಾಪ್ ಹಿಂದೆ ಉಳಿದರೆ ಏರುತ್ತದೆ. ಒಟ್ಟು ದುಡ್ಡು ಕರಗಿದರೆ ಪರ್ಸೆಂಟ್ ಲೆಕ್ಕದಲ್ಲಿ ಏರುತ್ತದೆ. ಕೊಳ್ಳುವಾಗ ಮಾತ್ರ ನೋಡಿಕೊಂಡರೆ ಸಾಲುವುದಿಲ್ಲ, ದಿನಾ ಮಾರುಕಟ್ಟೆ ಮುಚ್ಚಿದ ಮೇಲೆ, ಮೂರೂವರೆ ಆದಮೇಲೆ, ಒಂದು ಸಲ ನೋಡಬೇಕು. ಶೀಟಿನಲ್ಲಿ ಇದು ಎರಡು ಸಾಲಿನ ಕೆಲಸ. `C` ಕಾಲಮ್ಮಿನಲ್ಲಿ ಷೇರಿನ ಸಂಖ್ಯೆ, `D` ಯಲ್ಲಿ ಇವತ್ತಿನ ಬೆಲೆ, `E` ಯಲ್ಲಿ ಸ್ಟಾಪ್, `H1` ರಲ್ಲಿ ನಗದು ಇಟ್ಟುಕೊಳ್ಳಿ. ಮೊದಲ ಸೂತ್ರವನ್ನು `F2` ಗೆ ಹಾಕಿ `F10` ವರೆಗೆ ಕೆಳಗೆ ಎಳೆಯಿರಿ, ಎರಡನೆಯದು ಈ ಕಾಲಮ್ಮುಗಳ ಹೊರಗೆ ಎಲ್ಲಿದ್ದರೂ ಆಗುತ್ತದೆ.

```
=MAX(0,(D2-E2)*C2)
=SUM(F2:F10)/(H1+SUMPRODUCT(C2:C10,D2:D10))
```

ಈಗ ಎಷ್ಟು ಇಟ್ಟುಕೊಳ್ಳುವುದು ಅನ್ನುವುದಕ್ಕೆ ಬರೋಣ. ಬಹಳ ಜನ 6% ಅನ್ನುತ್ತಾರೆ. ಆ ಅಂಕಿಯನ್ನು ಜನಪ್ರಿಯ ಮಾಡಿದವರು ಟ್ರೇಡಿಂಗ್ ಪುಸ್ತಕಗಳನ್ನು ಬರೆದ ಅಲೆಕ್ಸಾಂಡರ್ ಎಲ್ಡರ್. ಅವರ ನಿಯಮದಲ್ಲಿ ಒಂದು ಮಾತು ಜನ ಮರೆಯುತ್ತಾರೆ: ಆ 6% ಒಳಗೆ ಈ ತಿಂಗಳು ಆಗಲೇ ಕಳೆದುಕೊಂಡದ್ದೂ ಸೇರಿರುತ್ತದೆ. ತಿಂಗಳ ಮೊದಲ ವಾರದಲ್ಲಿ 4% ಹೋದರೆ ಉಳಿದ ಪೊಸಿಷನ್‌ಗಳಿಗೆ ಸಿಗುವುದು 2% ಮಾತ್ರ. ಅಂಕಿ ಎಲ್ಲಿಂದ ಬಂತು ಅನ್ನುವುದಕ್ಕಿಂತ ನಿಮಗೆ ಹೊಂದುತ್ತದಾ ಅಂತ ನೋಡುವುದು ಹೀಗೆ. ಮಿತಿಯ ತುಂಬಾ ಇದ್ದಾಗ ಎಲ್ಲಾ ಸ್ಟಾಪ್ ಹೊಡೆಯುವಂಥ ಏಟು ವರ್ಷದಲ್ಲಿ ಮೂರು ಸಲ ಬಿತ್ತು ಅಂದುಕೊಳ್ಳಿ. 6% ಆದರೆ ಖಾತೆ ಸುಮಾರು 17% ಕರಗುತ್ತದೆ. 8% ಆದರೆ 22%. 9% ಆದರೆ 25% ಹತ್ತಿರ. ನಿಮ್ಮ 8 ಲಕ್ಷ 6 ಲಕ್ಷ ಆದಾಗಲೂ ಇದೇ ಪದ್ಧತಿಯಲ್ಲಿ ನಾಲ್ಕನೇ ಸಲ ಟ್ರೇಡ್ ಹಾಕುತ್ತೀರಾ? ಇಲ್ಲ ಅಂದರೆ 9% ನಿಮ್ಮದಲ್ಲ. ನಾನು 6% ಅನ್ನುತ್ತೇನೆ. ಕಡಿಮೆ ಇದ್ದರೆ ಬೇಡ ಅನ್ನುವುದಿಲ್ಲ.

ನಿಮ್ಮ ಎರಡನೇ ಪ್ರಶ್ನೆಯೇ ಮುಖ್ಯವಾದದ್ದು. ಮಿತಿ ಮುಟ್ಟಿದ ಮೇಲೆ ಏನು ಮಾಡುವುದು ಅಂತ ಯೋಚಿಸಲು ಕೂತರೆ ತಡವಾಗಿರುತ್ತದೆ. ನಿಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೆಆರ್‌ಎಸ್‌ನಲ್ಲಿ 124.80 ಅಡಿ ಮುಟ್ಟಿದ ಮೇಲೆ ಗೇಟು ತೆಗೆಯೋಣ ಅಂತ ಯಾರೂ ಕಾಯುವುದಿಲ್ಲ. ಒಳಹರಿವು ನೋಡಿಕೊಂಡು ಮುಂಚಿನಿಂದಲೇ ಸ್ವಲ್ಪ ಸ್ವಲ್ಪ ಬಿಡುತ್ತಾ ಬರುತ್ತಾರೆ. ಒಟ್ಟಿಗೆ ಬಿಟ್ಟರೆ ಕೆಳಗೆ ಶ್ರೀರಂಗಪಟ್ಟಣದ ಕಡೆಯವರ ಪಾಡು ಏನಾಗುತ್ತದೆ ಅಂತ ಗೊತ್ತಲ್ಲ. ಹೀಟಿಗೂ ಹಾಗೇ ಮೆಟ್ಟಿಲು ಇಟ್ಟುಕೊಳ್ಳಬೇಕು.

ನನ್ನ ಮೆಟ್ಟಿಲುಗಳು ಇವು. 4% ವರೆಗೆ ನನ್ನ ಮಾಮೂಲಿ ಅಳತೆಯಲ್ಲೇ ಕೊಳ್ಳುತ್ತೇನೆ, ಒಂದು ಟ್ರೇಡಿಗೆ 1%. 4 ರಿಂದ 5ರ ನಡುವೆ ಇದ್ದರೆ ಹೊಸದು ಏನಿದ್ದರೂ ಅರ್ಧ ಅಳತೆ, ಅದೂ ನನ್ನ ಹತ್ತಿರ ಆಗಲೇ ಇರುವ ಗುಂಪಿನಿಂದ ಬೇರೆಯದಾಗಿದ್ದರೆ ಮಾತ್ರ. 5 ದಾಟಿದರೆ ಹೊಸದು ಇಲ್ಲ, ಎಷ್ಟೇ ಚೆಂದದ ಚಾರ್ಟ್ ಆಗಿರಲಿ. ಆಗ ಸಂಜೆಯ ಕೆಲಸ ಒಂದೇ: ಯಾವ ಸ್ಟಾಪನ್ನು ನ್ಯಾಯವಾಗಿ ಮೇಲೆತ್ತಬಹುದು ಅಂತ ನೋಡುವುದು. 6 ದಾಟಿದರೆ ಮಾರನೇ ದಿನವೇ ಇಳಿಸುತ್ತೇನೆ. 5.9ಕ್ಕೆ ಅಲ್ಲ, 5ಕ್ಕೆ. ಇದನ್ನು ಕಲಿಯಲು ನನಗೆ ಸ್ವಲ್ಪ ದಿನ ಹಿಡಿಯಿತು. 5.9ಕ್ಕೆ ಇಳಿಸಿ ನಿಲ್ಲಿಸಿದರೆ ನಾಡಿದ್ದು ಮತ್ತೆ 6.1 ಆಗುತ್ತದೆ, ಮತ್ತೆ ಹತ್ತು ಷೇರು ಮಾರು, ಮತ್ತೆ ಬ್ರೋಕರ್ ಖರ್ಚು, ಮತ್ತೆ ತಲೆಬಿಸಿ. ಒಂದೇ ಸಲ ಒಂದು ಮೆಟ್ಟಿಲು ಪೂರ್ತಿ ಇಳಿದರೆ ವಾರ ನೆಮ್ಮದಿ.

ಇದರ ಜೊತೆ ಗುಂಪಿಗೂ ಒಂದು ಮಿತಿ ಬೇಕು, ನಾನು 2% ಇಟ್ಟಿದ್ದೇನೆ. ಒಂದೇ ಸುದ್ದಿಗೆ ಒಟ್ಟಿಗೆ ಬೀಳುವಂಥವು ಎಲ್ಲಾ ಒಂದು ಗುಂಪು. ಮಂಡ್ಯ ಕಡೆಯವರ ಶೀಟು ನೋಡಿದರೆ ಸಾಮಾನ್ಯವಾಗಿ ಎರಡು ಮೂರು ಸಕ್ಕರೆ ಕಂಪನಿ ಇದ್ದೇ ಇರುತ್ತದೆ. ಕಬ್ಬು ಗೊತ್ತು, ಕಾರ್ಖಾನೆ ಗೊತ್ತು, ಹಾಗಾಗಿ ಷೇರೂ ಗೊತ್ತು ಅನ್ನಿಸುತ್ತದೆ. 2023ರ ಡಿಸೆಂಬರ್ 7ರಂದು ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥೆನಾಲ್ ಮಾಡಬೇಡಿ ಅಂತ ಒಂದು ಆದೇಶ ಹೊರಡಿಸಿತು. ಸಕ್ಕರೆ ಷೇರುಗಳೆಲ್ಲ ಒಟ್ಟಿಗೆ ಕುಸಿದವು. ಯಾರ ಕಾರ್ಖಾನೆ ಚೆನ್ನಾಗಿ ನಡೆಯುತ್ತಿದೆ, ಯಾರದು ಇಲ್ಲ ಅಂತ ಮಾರುಕಟ್ಟೆ ಕೇಳಲಿಲ್ಲ. ವಾರದ ಮೇಲೆ ಆ ಆದೇಶವನ್ನು ಸ್ವಲ್ಪ ಸಡಿಲಿಸಿದರು, ಆದರೆ ಅಷ್ಟೊತ್ತಿಗೆ ಸ್ಟಾಪ್‌ಗಳು ಹೊಡೆದು ಆಗಿತ್ತು. ಮೂರು ಸಕ್ಕರೆ ಷೇರಿಗೆ 1% ಒಂದೊಂದು ಅಂದರೆ ಅದು ಮೂರು ಟ್ರೇಡ್ ಅಲ್ಲ, 3% ರಿಸ್ಕಿನ ಒಂದು ಟ್ರೇಡ್. ಇದು ಹೊಸ ಮಾತೇನಲ್ಲ. 1983ರಲ್ಲಿ ಅಮೆರಿಕದಲ್ಲಿ ರಿಚರ್ಡ್ ಡೆನ್ನಿಸ್ ತಮ್ಮ ಶಿಷ್ಯರಿಗೆ ಟ್ರೇಡಿಂಗ್ ಕಲಿಸಿದಾಗಲೂ ಹೀಗೇ ಮಿತಿ ಹಾಕಿದ್ದರು. ಒಂದು ಸಲಕ್ಕೆ ಕೊಳ್ಳುವ ಅಳತೆಗೆ ಅವರು ಯೂನಿಟ್ ಅನ್ನುತ್ತಿದ್ದರು. ಒಂದೇ ಮಾರುಕಟ್ಟೆಯಲ್ಲಿ 4 ಯೂನಿಟ್, ಹತ್ತಿರದ ಸಂಬಂಧ ಇರುವ ಮಾರುಕಟ್ಟೆಗಳಲ್ಲಿ ಒಟ್ಟು 6, ಒಂದೇ ದಿಕ್ಕಿನಲ್ಲಿ ಎಲ್ಲಾ ಸೇರಿ 12. ಅವರು ತಗೊಳ್ಳುತ್ತಿದ್ದ ರಿಸ್ಕ್ ನಮ್ಮ ನಿಮ್ಮಂಥವರಿಗೆ ತೀರಾ ಜಾಸ್ತಿ, ಆ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಗುಂಪು ಕಟ್ಟುವ ಬುದ್ಧಿಯನ್ನು ಮಾತ್ರ ತಗೊಳ್ಳಿ.

ಈಗ ಒಂದು ಖಾತೆಯನ್ನು ಪೂರ್ತಿ ನೋಡೋಣ. ಲೆಕ್ಕ ಸುಲಭ ಆಗಲಿ ಅಂತ 10 ಲಕ್ಷ ಇಟ್ಟುಕೊಳ್ಳುತ್ತೇನೆ.

ಸೋಮವಾರ ಸಂಜೆ ಐದು ಪೊಸಿಷನ್ ಇದೆ. ಮೊದಲ ಸಕ್ಕರೆ ಷೇರು 420, ಸ್ಟಾಪ್ 400, 400 ಷೇರು, ಹೀಟ್ 8,000. ಎರಡನೇ ಸಕ್ಕರೆ ಷೇರು 150, ಸ್ಟಾಪ್ 141, ಒಂದು ಸಾವಿರ ಷೇರು, 9,000. ಒಂದು ಬ್ಯಾಂಕು 250, ಸ್ಟಾಪ್ 238, 700 ಷೇರು, 8,400. ಒಂದು ಔಷಧ ಕಂಪನಿ 1,200, ಸ್ಟಾಪ್ 1,140, 130 ಷೇರು, 7,800. ಗಾಡಿಯ ಬಿಡಿಭಾಗ ಮಾಡುವ ಕಂಪನಿ ಒಂದು, 500ಕ್ಕೆ ಕೊಂಡದ್ದು ಈಗ 560, ಸ್ಟಾಪ್ 520, 250 ಷೇರು, 10,000. ಒಟ್ಟು 43,200, ಅಂದರೆ 4.3%. ಹೊಸದು ಬೇಕು ಅಂದರೆ 5,000 ರಿಸ್ಕಿನದು ಒಂದು ತಗೊಳ್ಳಬಹುದು, ಆಗಲೇ ಇರುವ ಈ ಗುಂಪುಗಳನ್ನು ಬಿಟ್ಟು. ತಗೊಳ್ಳಲಿಲ್ಲ ಅಂದುಕೊಳ್ಳಿ.

ಮುಂದಿನ ವಾರದ ಬುಧವಾರ. ಬಿಡಿಭಾಗದ ಕಂಪನಿ 620ಕ್ಕೆ ಹೋಗಿದೆ, ಸ್ಟಾಪ್ ಇನ್ನೂ 520. ಅದೊಂದರ ಹೀಟೇ ಈಗ 25,000. ಎರಡನೇ ಸಕ್ಕರೆ 156 ಆಗಿ ಅದರದು 15,000. ಮೊದಲ ಸಕ್ಕರೆ 424, ಅದರದು 9,600. ಬ್ಯಾಂಕು 246ಕ್ಕೆ ಇಳಿದು 5,600. ಔಷಧದ್ದು ಇದ್ದಲ್ಲೇ, 7,800. ಒಟ್ಟು 63,000. ಖಾತೆಯೂ ಬೆಳೆದು 10,19,800 ಆಗಿದೆ, ಆದರೂ ಹೀಟ್ 6.2%. ಒಂದು ಷೇರೂ ಕೊಂಡಿಲ್ಲ, ಮಿತಿ ದಾಟಿದೆ. 5%ಗೆ ಇಳಿಸಬೇಕು ಅಂದರೆ 51,000ದ ಒಳಗೆ ಬರಬೇಕು. 12,000 ಕಮ್ಮಿ ಮಾಡಬೇಕು.

ಇಲ್ಲಿ ಹೆಚ್ಚಿನವರ ಕೈ ಮೊದಲು ಬ್ಯಾಂಕಿನ ಕಡೆ ಹೋಗುತ್ತದೆ, ಯಾಕೆಂದರೆ ಕೆಂಪಗೆ ಕಾಣುವುದು ಅದೊಂದೇ. ಆದರೆ ಅದರಲ್ಲಿ ಉಳಿದಿರುವ ಹೀಟ್ ಬರೀ 5,600. ಪೂರ್ತಿ ಮಾರಿದರೂ ಅರ್ಧ ಕೆಲಸ ಆಗುವುದಿಲ್ಲ. ಹೀಟ್ ಎಲ್ಲಿ ಜಾಸ್ತಿ ಇದೆಯೋ ಅಲ್ಲಿಂದ ಶುರು ಮಾಡಬೇಕು. ಅದು ಬಿಡಿಭಾಗದ ಷೇರು.

ಅದರ ಚಾರ್ಟ್ ತೆಗೆದು ನೋಡುತ್ತೇವೆ. ಏರುವಾಗ ಮಧ್ಯೆ ಒಂದು ಸಲ 582ಕ್ಕೆ ಇಳಿದು, ಅಲ್ಲಿಂದ ಎದ್ದು ಹೊಸ ಎತ್ತರ ಮುಟ್ಟಿದೆ. ಅಂದರೆ 582ರ ಕೆಳಗೆ ಹೋದರೆ ಈ ಏರಿಕೆಯ ಕಥೆ ಕೆಟ್ಟಿತು ಅಂತ ಅರ್ಥ. ಸ್ಟಾಪನ್ನು 578ಕ್ಕೆ ತರುತ್ತೇವೆ. ಇವತ್ತಿನ ಬೆಲೆಯಿಂದ 42 ರೂಪಾಯಿ ದೂರ. ಇದು ಸಾಕಾ ಅಂತ ನೋಡಲು ಎಟಿಆರ್ ಇದೆ, ಅಂದರೆ ಆ ಷೇರು ಮಾಮೂಲಿ ಒಂದು ದಿನಕ್ಕೆ ಎಷ್ಟು ರೂಪಾಯಿ ಮೇಲೆ ಕೆಳಗೆ ಆಡುತ್ತದೆ ಅನ್ನುವ 14 ದಿನದ ಸರಾಸರಿ. ಇದರ ಎಟಿಆರ್ 14 ಅಂದುಕೊಳ್ಳಿ. 42 ಅಂದರೆ ಮೂರು ದಿನದ ಆಟದಷ್ಟು ಜಾಗ ಇದೆ, ಸಾಕು. ಹೀಟ್ 25,000ದಿಂದ 10,500ಕ್ಕೆ ಬಂತು. ಒಂದು ಷೇರೂ ಮಾರದೆ 14,500 ಇಳಿಯಿತು. ಒಟ್ಟು ಈಗ 48,500, 4.8%.

ಮುಗಿಯಿತಾ? ಇಲ್ಲ, ಸಕ್ಕರೆ ಗುಂಪು ನೋಡಿ. 15,000 ಮತ್ತು 9,600 ಸೇರಿ 24,600, ಅಂದರೆ 2.4%. ಗುಂಪಿನ ಮಿತಿ 2%. ಇಲ್ಲೂ ಸ್ಟಾಪ್ ಎತ್ತಿಬಿಡೋಣ ಅಂತ ಆಸೆ ಆಗುತ್ತದೆ, 141ನ್ನು 150ಕ್ಕೆ ತಂದರೆ ಆಯಿತಲ್ಲ. ಆದರೆ ಈ ಷೇರು 150ರಿಂದ 156ಕ್ಕೆ ಮೆಲ್ಲಗೆ ಏರಿದೆ, ಮಧ್ಯೆ ಇಳಿದು ಎದ್ದ ಜಾಗ ಯಾವುದೂ ಇಲ್ಲ. ಅದರ ಎಟಿಆರ್ 5 ರೂಪಾಯಿ. 150ಕ್ಕೆ ಸ್ಟಾಪ್ ಇಟ್ಟರೆ ಬರೀ 6 ರೂಪಾಯಿ ದೂರ. ಏನೂ ಆಗದ ಒಂದು ಮಾಮೂಲಿ ಮಂಗಳವಾರದ ಆಟಕ್ಕೇ ಅದು ಹೊಡೆದುಹೋಗುತ್ತದೆ. ಶೀಟಿನಲ್ಲಿ ಹೀಟ್ ಇಳಿದಂತೆ ಕಾಣುತ್ತದೆ, ನಿಜದಲ್ಲಿ ಒಳ್ಳೆ ಷೇರನ್ನು ಸುಮ್ನೆ ಕಳೆದುಕೊಳ್ಳುತ್ತೀರಿ. ಎಟಿಆರ್‌ನ ಒಂದೂವರೆ ಪಟ್ಟಿಗಿಂತ ಹತ್ತಿರ ಸ್ಟಾಪ್ ತರಬೇಕಾಗಿ ಬಂದರೆ ನಾನು ಸ್ಟಾಪ್ ಮುಟ್ಟುವುದಿಲ್ಲ, ಷೇರಿನ ಸಂಖ್ಯೆ ಕಮ್ಮಿ ಮಾಡುತ್ತೇನೆ. ಇಲ್ಲಿ 300 ಷೇರು ಮಾರಿದರೆ 4,500 ಇಳಿಯುತ್ತದೆ. ಸಕ್ಕರೆ ಗುಂಪು 20,100ಕ್ಕೆ ಬಂದು 2%ನ ಒಳಗಾಯಿತು. ಒಟ್ಟು ಹೀಟ್ 44,000, 4.3%. ಉಳಿದ 700 ಷೇರು ತನ್ನ ಸ್ಟಾಪಿನ ಜೊತೆ ತನ್ನ ಪಾಡಿಗೆ ಇರಲಿ.

ಇನ್ನೊಂದು ಕಳ್ಳದಾರಿ ಇದೆ, ನಾನೇ ನಡೆದು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಬೀಳುತ್ತಿರುವ ಷೇರಿನ ಸ್ಟಾಪ್ ತೆಗೆದು, "ಇದು ಲಾಂಗ್ ಟರ್ಮ್" ಅಂತ ಇನ್ನೊಂದು ಶೀಟಿಗೆ ದಾಟಿಸುವುದು. ಹೀಟ್ ತಕ್ಷಣ ಇಳಿಯುತ್ತದೆ. ನಷ್ಟ ಎಲ್ಲಿಗೂ ಹೋಗಿರುವುದಿಲ್ಲ. ನಿಮ್ಮ ದೀರ್ಘಕಾಲದ ಷೇರುಗಳು ಬೇರೆ ಡಿಮ್ಯಾಟ್ ಖಾತೆಯಲ್ಲೇ ಇರಲಿ, ಟ್ರೇಡಿಂಗ್ ಖಾತೆಯಿಂದ ಅಲ್ಲಿಗೆ ಬಾಗಿಲು ಬೇಡ. ಆಪ್ಷನ್ ಕೊಂಡರೆ ಕಟ್ಟಿದ ಪ್ರೀಮಿಯಂ ಪೂರ್ತಿ ಹೀಟ್ ಅಂತ ಬರೆಯಿರಿ. ಆಪ್ಷನ್ ಮಾರುವವರಿಗೆ ಈ ಲೆಕ್ಕ ಹೊಂದುವುದಿಲ್ಲ, ಅದನ್ನು ಇಲ್ಲಿ ಬಿಡುತ್ತೇನೆ.

ಈಗ ಆ 5,000ದ ವಿಷಯ. ಹೀಟ್ ಲೆಕ್ಕದಲ್ಲಿ ಒಂದು ನಂಬಿಕೆ ಅಡಗಿದೆ: ಸ್ಟಾಪ್ ಹಾಕಿದ ಬೆಲೆಗೇ ಮಾರಾಟ ಆಗುತ್ತದೆ ಅಂತ. ಯಾವಾಗಲೂ ಆಗುವುದಿಲ್ಲ. 141ಕ್ಕೆ ಸ್ಟಾಪ್ ಇದೆ, ರಾತ್ರಿ ಒಂದು ಆದೇಶ ಬಂತು, ಬೆಳಿಗ್ಗೆ ಷೇರು 132ಕ್ಕೇ ತೆರೆಯಿತು ಅಂದರೆ ನಿಮಗೆ ಸಿಗುವುದು 132 ಆಸುಪಾಸು. ಅದೂ ಆರ್ಡರ್ ಸರಿಯಾಗಿ ಹಾಕಿದ್ದರೆ. ಜಿಟಿಟಿ, ಅಂದರೆ ಬೆಲೆ ಟ್ರಿಗರ್ ಮುಟ್ಟುವವರೆಗೆ ದಿನಗಟ್ಟಲೆ ಕಾಯುವ ಆರ್ಡರ್, ಹಾಕುವವರು ಇಲ್ಲಿ ಎಡವುತ್ತಾರೆ. ಟ್ರಿಗರ್ 141, ಲಿಮಿಟ್ 140 ಅಂತ ಹಾಕಿರುತ್ತಾರೆ. 132ಕ್ಕೆ ತೆರೆದಾಗ ಟ್ರಿಗರ್ ಆಗುತ್ತದೆ, ಆದರೆ 140ಕ್ಕಿಂತ ಕಮ್ಮಿಗೆ ಮಾರಬೇಡ ಅಂತ ನೀವೇ ಹೇಳಿದ್ದೀರಿ, ಹಾಗಾಗಿ ಆರ್ಡರ್ ಸುಮ್ನೆ ಅಲ್ಲೇ ನಿಂತಿರುತ್ತದೆ. ಷೇರು 125ಕ್ಕೆ ಹೋದರೂ ನಿಂತೇ ಇರುತ್ತದೆ. ಲಿಮಿಟ್ ಬೆಲೆಯನ್ನು ಟ್ರಿಗರಿಗಿಂತ ಸಾಕಷ್ಟು ಕೆಳಗೆ ಇಡಿ. ಇನ್ನು ಕೆಲವು ಸಣ್ಣ ಕಂಪನಿಗಳಿಗೆ ದಿನಕ್ಕೆ 5% ಸರ್ಕ್ಯೂಟ್ ಅಂತ ಇರುತ್ತದೆ, ಒಂದು ದಿನದಲ್ಲಿ ಅದಕ್ಕಿಂತ ಜಾಸ್ತಿ ಏರುವಂತಿಲ್ಲ, ಇಳಿಯುವಂತಿಲ್ಲ. ಕೆಳಗಿನ ಸರ್ಕ್ಯೂಟ್ ಬಿದ್ದರೆ ಕೊಳ್ಳುವವರೇ ಇರುವುದಿಲ್ಲ, ಆಗ ಯಾವ ಸ್ಟಾಪೂ ಕೆಲಸ ಮಾಡುವುದಿಲ್ಲ. ಅಂಥ ಷೇರಿಗೆ ಸ್ಟಾಪ್ ಲೆಕ್ಕದ ಹೀಟ್ ಬರೆಯುವುದೇ ನಮಗೆ ನಾವೇ ಸುಳ್ಳು ಹೇಳಿಕೊಂಡಂತೆ.

ಅದಕ್ಕೇ ನಾನು ಗುಂಪಿಗೆ ಇನ್ನೊಂದು ಲೆಕ್ಕವನ್ನೂ ನೋಡುತ್ತೇನೆ. ಮೇಲಿನ ಖಾತೆಯಲ್ಲೇ ನೋಡಿ, ಮಾರಿದ ಮೇಲೆ ಉಳಿದ ಎರಡು ಸಕ್ಕರೆ ಷೇರಿನ ಬೆಲೆ ಒಟ್ಟು 2,78,800. ಸ್ಟಾಪ್ ಲೆಕ್ಕದಲ್ಲಿ ಹೀಟ್ 20,100. ಆದರೆ ಎರಡೂ ಒಂದೇ ಬೆಳಿಗ್ಗೆ 10% ಕೆಳಗೆ ತೆರೆದರೆ ಹೋಗುವುದು ಹೆಚ್ಚುಕಮ್ಮಿ 28,000. ಸ್ಟಾಪ್ ಹತ್ತಿರ ಇಟ್ಟಷ್ಟೂ ಅದೇ 1%ಗೆ ಜಾಸ್ತಿ ಷೇರು ಕೊಳ್ಳಬಹುದು, ಜಾಸ್ತಿ ಷೇರು ಇದ್ದಷ್ಟೂ ಈ ಅಂತರ ದೊಡ್ಡದಾಗುತ್ತದೆ. ನನ್ನ ಪದ್ಧತಿ ಏನೆಂದರೆ 10% ಬಿದ್ದರೆ ಹೋಗುವ ದುಡ್ಡು ಒಂದು ಗುಂಪಿನಲ್ಲಿ 3% ದಾಟಬಾರದು. ಅಂದರೆ ಒಂದು ಗುಂಪಿನಲ್ಲಿ ಖಾತೆಯ 30% ಗಿಂತ ಜಾಸ್ತಿ ದುಡ್ಡು ಇರಬಾರದು, ಹೀಟ್ ಎಷ್ಟೇ ಕಮ್ಮಿ ತೋರಿಸಲಿ. ಬಜೆಟ್, ಚುನಾವಣೆ ಫಲಿತಾಂಶದಂಥ ದಿನದ ಹಿಂದಿನ ಸಂಜೆ ಒಟ್ಟು ಹೀಟನ್ನೇ 3%ಗೆ ಇಳಿಸುತ್ತೇನೆ. ಜೂನ್ 4 ಕಲಿಸಿದ ಪಾಠ ಅದು, ಫೀಸು ಕಟ್ಟಿಯಾಗಿದೆ.

ನಿಮ್ಮ ಸ್ಟಾಪ್‌ಗಳು ಎಷ್ಟು ಜಾರುತ್ತವೆ ಅನ್ನುವುದನ್ನು ನಿಮ್ಮದೇ ಹಳೆಯ ಲೆಕ್ಕದಿಂದ ತೆಗೆಯಬಹುದು. ಪ್ರತಿ ಸ್ಟಾಪ್ ಹೊಡೆದಾಗ ಅಂದುಕೊಂಡದ್ದು ಎಷ್ಟು, ಹೋದದ್ದು ಎಷ್ಟು ಅಂತ ಎರಡು ಕಾಲಮ್ ಬರೆಯಿರಿ. ನಿಮ್ಮದು 56,000 ಅಂದುಕೊಂಡು 61,000 ಹೋಯಿತು, 9% ಜಾಸ್ತಿ. ಹಾಗಾದರೆ ನಿಮ್ಮ ಶೀಟಿನ ಹೀಟನ್ನು 1.1ರಿಂದ ಗುಣಿಸಿ ಆಮೇಲೆ ಮೆಟ್ಟಿಲುಗಳ ಜೊತೆ ಹೋಲಿಸಿ. ಇಪ್ಪತ್ತು ಮೂವತ್ತು ಸ್ಟಾಪ್ ಆದಮೇಲೆ ಆ 1.1 ಸರಿಯಾ ಅಂತ ಮತ್ತೆ ನೋಡಿ.

ಇನ್ನು ನಿಮ್ಮ ಇವತ್ತಿನ ಖಾತೆ. 8 ಲಕ್ಷ ಈಗ 7,39,000. 6% ಅಂದರೆ 48,000 ಅಲ್ಲ, 44,000 ಚಿಲ್ಲರೆ. ಆದರೆ ದೊಡ್ಡ ಏಟು ಬಿದ್ದ ಮೇಲೆ ನಾನು ಪೂರ್ತಿ ಮಿತಿಗೆ ಹೋಗುವುದಿಲ್ಲ. ಕಳೆದುಕೊಂಡದ್ದರಲ್ಲಿ ಅರ್ಧ ವಾಪಸ್ ಬರುವವರೆಗೆ ಮಿತಿ 3%, ಮೆಟ್ಟಿಲುಗಳನ್ನೂ ಅದೇ ರೀತಿ ಅರ್ಧ ಮಾಡಿ. 3% ಅಂದರೆ 22,000. ಉಳಿದ ಎರಡು ಪೊಸಿಷನ್‌ನಲ್ಲಿ 8,000ದಂತೆ 16,000 ಇದೆ ಅಂದುಕೊಂಡರೆ, 1.1ರಿಂದ ಗುಣಿಸಿ 17,600. ಅದು ಆಗಲೇ 2.4%, ಅಂದರೆ ಅರ್ಧ ಅಳತೆಯ ಮೆಟ್ಟಿಲಿನಲ್ಲಿದ್ದೀರಿ. ಹೊಸದು ಹಾಕುವುದಾದರೆ ಒಂದೇ, 3,500 ರಿಸ್ಕಿನದು. ಅದನ್ನು ಹಾಕುವ ಮುಂಚೆ ಉಳಿದಿರುವ ಆ ಎರಡು ಯಾವುವು ಅಂತ ನೋಡಿ. ಅದರಲ್ಲಿ ಒಂದು ಸಕ್ಕರೆ ಆಗಿದ್ದರೆ ಹೊಸದು ಸಕ್ಕರೆ ಬೇಡ. ಎರಡೂ ಸಕ್ಕರೆಯೇ ಆಗಿದ್ದರೆ ಆ ಗುಂಪೊಂದೇ 2.4% ಆಗಿ 2% ಮಿತಿ ದಾಟಿರುವುದರಿಂದ ಹೊಸದು ಯಾವುದೂ ಬೇಡ, ಮೊದಲು ಒಂದರಿಂದ ಹೊರಗೆ ಬನ್ನಿ.